ಟೊಮೆಟೊ ವ್ಯವಹಾರ ಕೆಟ್ಟಿತಾ? ಕರಾರಿನಲ್ಲಿ ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಕೋಲಾರ ಕಡೆ ಟೊಮೆಟೊ ರೇಟು ಏರಿದಾಗಲೂ ಜಗಳ, ಬಿದ್ದಾಗಲೂ ಜಗಳ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿತ್ತು, ನೆನಪಿದೆ ಅಲ್ವಾ? ಅಂಥ ಹೊತ್ತಲ್ಲಿ ಮೊದಲೇ ಕಡಿಮೆ ರೇಟಿಗೆ ಮಾತು ಕೊಟ್ಟವರು "ಅದು ಬರೀ ಬಾಯಿಮಾತು, ಲೆಕ್ಕಕ್ಕಿಲ್ಲ" ಅನ್ನುತ್ತಾರೆ. ರೇಟು ಬಿದ್ದಾಗ ಅದೇ ಮಾತು ವ್ಯಾಪಾರಿ ಬಾಯಲ್ಲಿ ಬರುತ್ತದೆ. ಇಬ್ಬರೂ ಒಂದೇ ಕಡೆ ಎಡವುತ್ತಾರೆ. ಕರಾರು ಹುಟ್ಟಿತ್ತಾ ಅಂತ ನೋಡುವುದಕ್ಕೆ ಮೊದಲೇ ಅದು ಅನೂರ್ಜಿತ, ಅಂದರೆ ಕಾನೂನಿನ ಕಣ್ಣಲ್ಲಿ ಲೆಕ್ಕಕ್ಕಿಲ್ಲ ಅಂತ ಹೇಳಲು ಹೊರಡುತ್ತಾರೆ. ಮೋಟರ್ ಓಡದಿದ್ದರೆ ಬಿಚ್ಚುವ ಮೊದಲು ಕರೆಂಟ್ ಇದೆಯಾ ಅಂತ ನೋಡುವುದಿಲ್ಲವೇ, ಇಲ್ಲೂ ಹಾಗೇ.

ಇಲ್ಲಿರುವುದೆಲ್ಲ 1872ರ ಭಾರತೀಯ ಕರಾರು ಅಧಿನಿಯಮದ ಮೇಲೆ ನಿಂತಿದೆ. ಸರಕು ಮಾರಾಟದ ಒಂದೆರಡು ಮಾತು 1930ರ ಸರಕು ಮಾರಾಟ ಅಧಿನಿಯಮದ್ದು. ತೋಟದ ಮಾಲಿನಂಥ ಚರ ವಸ್ತುವಿನ ವ್ಯವಹಾರಕ್ಕೆ ಮಾತ್ರ ಇದನ್ನು ಬಳಸಿ. ಜಮೀನು, ಸೈಟು, ಮನೆ ಅಂದರೆ ಸ್ಟಾಂಪು, ನೋಂದಣಿ ಎಲ್ಲ ಬರುತ್ತದೆ, ಆ ದಾರಿಯೇ ಬೇರೆ.

ಪರೀಕ್ಷೆಗೆ ಒಂದು ವ್ಯವಹಾರ

ಉದಾಹರಣೆಗೆ ಹೀಗೆ ಇಟ್ಟುಕೊಳ್ಳೋಣ. ಮುಳಬಾಗಿಲು ತಾಲೂಕಿನ ಒಬ್ಬ ರೈತ, ಕೋಲಾರದ ಒಬ್ಬ ವ್ಯಾಪಾರಿ. ಎಲ್ಲ ಮಾತೂ ವಾಟ್ಸಾಪ್‌ನಲ್ಲೇ.

ಸೋಮವಾರ ಬೆಳಿಗ್ಗೆ 7.10, ವ್ಯಾಪಾರಿ: "ಅಣ್ಣಾ, ಬೋರ್‌ವೆಲ್ ಪಕ್ಕದ ತೋಟದ ಮಾಲು ಏನ್ ರೇಟು?"
8.05, ರೈತ: "ಬಾಕ್ಸ್ 450ಕ್ಕೆ ಕಡಿಮೆ ಇಲ್ಲ."
8.20, ವ್ಯಾಪಾರಿ: "ಸರಿ, 500 ಬಾಕ್ಸ್ ನನಗೇ ಇರಲಿ."

ರೈತ ಉತ್ತರ ಹಾಕಲಿಲ್ಲ.

ಮಂಗಳವಾರ ಸಂಜೆ 6, ವ್ಯಾಪಾರಿ: "ಅಣ್ಣಾ, ಬೋರ್‌ವೆಲ್ ಪಕ್ಕದ ತೋಟದ್ದೇ 500 ಬಾಕ್ಸ್, 450ರಂತೆ. ಗುರುವಾರದಿಂದ ಐದು ಕೊಯ್ಲು. ಲೋಡು ಬಂದ ದಿನವೇ ದುಡ್ಡು. ನಾಳೆ 10 ಗಂಟೆಯೊಳಗೆ ಹೇಳಿ."
ಬುಧವಾರ 9.15, ರೈತ: "ಆಯ್ತು ಸಾವ್ಕಾರ್ರೇ. ಆದ್ರೆ ಗಾಡಿ ಬಾಡಿಗೆ ನಿಮ್ದು."
9.40, ವ್ಯಾಪಾರಿ: "ಆಗ್ಲಿ ಅಣ್ಣಾ, ಬಾಡಿಗೆ ನಂದೇ. 20 ಸಾವಿರ ಹಾಕಿದ್ದೀನಿ, ಕೊನೇ ಲೋಡಿಗೆ ವಜಾ ಮಾಡ್ಕೊಳ್ಳಿ."

ಎರಡು ಕೊಯ್ಲಿನಲ್ಲಿ 200 ಬಾಕ್ಸ್ ಹೋಯಿತು. ಅದರ ದುಡ್ಡೂ ಬಂತು. ಅಷ್ಟರಲ್ಲಿ ಮಂಡಿಯಲ್ಲಿ ರೇಟು 700 ಆಯಿತು. ರೈತ ಫೋನ್ ಎತ್ತುವುದು ಬಿಟ್ಟ.

ಲಕ್ಷಣ 1: "ಅವರೇ ರೇಟು ಹೇಳಿದ್ರು, ನಾನು ಸರಿ ಅಂದೆ, ಈಗ ಇಲ್ಲ ಅಂತಾರೆ"

ಇದು ಅತಿ ಸುಲಭದ ತಪಾಸಣೆ, ಖರ್ಚೂ ಇಲ್ಲ. ಫೋನ್ ತೆಗೆದು ಸಂದೇಶಗಳನ್ನು ಮೊದಲಿನಿಂದ ಓದಿ. ಪ್ರತಿ ಸಂದೇಶಕ್ಕೂ ಒಂದೇ ಪ್ರಶ್ನೆ ಕೇಳಿ: ಇದನ್ನು ಕಳಿಸಿದವರು "ನೀವು ಹೂಂ ಅಂದರೆ ಸಾಕು, ನಾನು ಸಿಕ್ಕಿಹಾಕಿಕೊಂಡೆ" ಅನ್ನುವ ಮಟ್ಟಕ್ಕೆ ಹೋಗಿದ್ದಾರಾ, ಇಲ್ಲ ಸುಮ್ನೆ ಮಾಹಿತಿ ಕೊಡುತ್ತಿದ್ದಾರಾ?

"450ಕ್ಕೆ ಕಡಿಮೆ ಇಲ್ಲ" ಅಂದಾಗ ರೈತ ಕೇಳಿದ್ದಕ್ಕೆ ಉತ್ತರ ಕೊಟ್ಟ, ಅಷ್ಟೇ. ಎಷ್ಟು ಬಾಕ್ಸ್, ಯಾವಾಗ, ಇವರಿಗೇ ಮಾರುತ್ತೇನೆ ಅಂತ ಏನೂ ಹೇಳಲಿಲ್ಲ. ಇದು ಪ್ರಸ್ತಾಪ ಅಲ್ಲ. 1893ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಹಾರ್ವಿ ವಿರುದ್ಧ ಫೇಸಿ ಕೇಸಿನಲ್ಲಿ ಇದನ್ನೇ ಹೇಳಿತು. ಜಮೈಕಾದ ಒಂದು ಆಸ್ತಿಗೆ "ಕನಿಷ್ಠ ಎಷ್ಟಕ್ಕೆ ಕೊಡುತ್ತೀರಿ?" ಅಂತ ತಂತಿ ಹೋಯಿತು, "ಕನಿಷ್ಠ 900 ಪೌಂಡ್" ಅಂತ ತಂತಿ ಬಂತು, ಕೇಳಿದವರು "ಹಾಗಾದರೆ ಕೊಂಡೆವು" ಅಂದರು. ಕರಾರು ಆಗಲಿಲ್ಲ. ಕನಿಷ್ಠ ರೇಟು ಹೇಳುವುದು ಬೇರೆ, ಮಾರುತ್ತೇನೆ ಅನ್ನುವುದು ಬೇರೆ.

ಹಾಗಾದರೆ ಸೋಮವಾರದ "500 ಬಾಕ್ಸ್ ನನಗೇ ಇರಲಿ" ಏನು? ವ್ಯಾಪಾರಿ ಅದನ್ನು ಒಪ್ಪಿಗೆ ಅಂದುಕೊಂಡಿರುತ್ತಾನೆ. ಅದು ಒಪ್ಪಿಗೆ ಅಲ್ಲ, ಮೊದಲ ಪ್ರಸ್ತಾಪ. ಅದಕ್ಕೆ ರೈತನಿಂದ ಉತ್ತರವೇ ಬರಲಿಲ್ಲ. ಬರೀ ಮೌನದಿಂದ ಒಪ್ಪಿಗೆ ಆಗುವುದಿಲ್ಲ. "ಸಂಜೆಯೊಳಗೆ ಬೇಡ ಅನ್ನದಿದ್ದರೆ ನಿಮ್ಮ ಮಾಲು ನನ್ನದು" ಅಂತ ಯಾರಾದರೂ ಕಳಿಸಿದರೂ ನೀವು ಉತ್ತರ ಕೊಡಲೇಬೇಕು ಅಂತಿಲ್ಲ. ಸೋಮವಾರ ರಾತ್ರಿ ರೈತ ಬೇರೆಯವರಿಗೆ ಮಾಲು ಕೊಟ್ಟಿದ್ದರೆ ಈ ವ್ಯಾಪಾರಿ ಏನೂ ಮಾಡುವಂತಿರಲಿಲ್ಲ.

ಅಂಗಡಿ ಮುಂದಿನ ಬೋರ್ಡು, ಸ್ಟೇಟಸ್‌ಗೆ ಹಾಕಿದ ರೇಟು, ಗುಂಪಿಗೆ ಕಳಿಸಿದ ಪಟ್ಟಿ ಇವೂ ಸಾಮಾನ್ಯವಾಗಿ ಇದೇ ಜಾತಿ. ಬನ್ನಿ ಅಂತ ಕರೆಯುತ್ತವೆ, ಕಟ್ಟಿಹಾಕುವುದಿಲ್ಲ.

ಲಕ್ಷಣ 2: "ಆಯ್ತು" ಅಂದಿದ್ದಾರೆ, ಆದರೆ ಜೊತೆಗೊಂದು "ಆದ್ರೆ" ಇದೆ

ನನ್ನ ಅನಿಸಿಕೆಯಲ್ಲಿ ನಮ್ಮ ಕಡೆ ಜಾಸ್ತಿ ಕೆಡುವ ಜಾಗ ಇದೇ.

ಮಂಗಳವಾರ ಸಂಜೆಯ ಸಂದೇಶ ಸರಿಯಾದ ಪ್ರಸ್ತಾಪ. ಮಾಲು ಯಾವುದು, ಎಷ್ಟು, ರೇಟೆಷ್ಟು, ಯಾವಾಗ, ದುಡ್ಡು ಹೇಗೆ, ಉತ್ತರಕ್ಕೆ ಎಷ್ಟು ಹೊತ್ತು, ಎಲ್ಲ ಇದೆ. ಬುಧವಾರ 9.15ಕ್ಕೆ ರೈತ "ಆಯ್ತು" ಅಂದ. ಹೇಳಿದ ಹತ್ತು ಗಂಟೆಯೊಳಗೇ ಅಂದ. ಆದರೂ ಅಲ್ಲಿಗೆ ಕರಾರು ಆಗಲಿಲ್ಲ. ಕಲಂ 7 ಪ್ರಕಾರ ಒಪ್ಪಿಗೆ ಪೂರ್ತಿ ಇರಬೇಕು, ಷರತ್ತು ಅಂಟಿರಬಾರದು. "ಬಾಡಿಗೆ ನಿಮ್ದು" ಅಂದ ಕೂಡಲೇ ವ್ಯಾಪಾರಿಯ ಪ್ರಸ್ತಾಪ ಬಿದ್ದುಹೋಯಿತು, ಅದರ ಜಾಗಕ್ಕೆ ರೈತನದೇ ಹೊಸ ಪ್ರಸ್ತಾಪ ಬಂತು.

ಇದರ ಪರಿಣಾಮ ಚಿಕ್ಕದಲ್ಲ. 9.20ಕ್ಕೆ ವ್ಯಾಪಾರಿ "ಹಾಗಾದ್ರೆ ಬೇಡ ಬಿಡಿ" ಅಂದಿದ್ದರೆ, ರೈತ 9.25ಕ್ಕೆ "ಹೋಗ್ಲಿ, ಬಾಡಿಗೆ ನಾನೇ ಕೊಡ್ತೀನಿ, ಹಳೇ ಮಾತಿಗೇ ಒಪ್ಪಿದೆ" ಅಂತ ಹೇಳಿದರೂ ಪ್ರಯೋಜನ ಇಲ್ಲ. ಹತ್ತು ಗಂಟೆ ಆಗದಿದ್ದರೂ ಹಳೇ ಪ್ರಸ್ತಾಪ ಇಲ್ಲ. ವ್ಯಾಪಾರಿ ಮತ್ತೆ ಒಪ್ಪಿದರೆ ಮಾತ್ರ ಉಂಟು.

ನಮ್ಮ ಲೆಕ್ಕದಲ್ಲಿ 9.40ಕ್ಕೆ ವ್ಯಾಪಾರಿ ರೈತನ ಷರತ್ತನ್ನು ಹಾಗೇ ಒಪ್ಪಿ ದುಡ್ಡೂ ಹಾಕಿದ. ಕರಾರು ಹುಟ್ಟಿದ್ದು ಆ ಹೊತ್ತಿಗೆ. ನಿಮ್ಮ ವ್ಯವಹಾರದಲ್ಲೂ ಹೀಗೇ ಒಂದು ನಿಮಿಷವನ್ನು ಬೆರಳಿಟ್ಟು ತೋರಿಸಲು ಬರಬೇಕು. ಅದಕ್ಕೆ ಮುಂಚೆ ಯಾರು ಹಿಂದೆ ಸರಿದರೂ ತಪ್ಪಿಲ್ಲ. ಮಂಗಳವಾರ ರಾತ್ರಿಯೇ ವ್ಯಾಪಾರಿ "ಬೇಡ" ಅಂತ ಕಳಿಸಿದ್ದರೆ ಅದೂ ಸರಿಯೇ. "ನಾಳೆ ಹತ್ತರವರೆಗೆ ಟೈಮು" ಅಂದಿದ್ದರೂ, ಆ ಮಾತು ಇಟ್ಟುಕೊಳ್ಳಲು ರೈತ ಏನೂ ಕೊಟ್ಟಿರದಿದ್ದರೆ ಒಪ್ಪಿಗೆ ಬರುವ ತನಕ ಪ್ರಸ್ತಾಪ ವಾಪಸ್ ಪಡೆಯಬಹುದು. ಆ ನಿಮಿಷದ ನಂತರ ಮಾತ್ರ ಯಾರಿಗೂ ಸುಮ್ಮನೆ ಬಿಟ್ಟು ಹೋಗಲು ಬರುವುದಿಲ್ಲ.

ಬರೀ ಹೆಬ್ಬೆರಳಿನ ಚಿಹ್ನೆ ಬಂದಿದ್ದರೆ? ನೋಡಿದೆ ಅಂತಲೂ ಆಗಬಹುದು, ಒಪ್ಪಿದೆ ಅಂತಲೂ ಆಗಬಹುದು. ಅದನ್ನೊಂದೇ ನಂಬಿ ಗಾಡಿ ಕಳಿಸಬೇಡಿ. ಆದರೆ ಚಿಹ್ನೆ ಹಾಕಿ, ಆಮೇಲೆ ಕೊಯ್ದು ಮಾಲು ತುಂಬಿಸಿದ್ದರೆ ಕಥೆ ಬೇರೆ. ನಡವಳಿಕೆಯಿಂದಲೂ ಒಪ್ಪಿಗೆ ತಿಳಿಸಬಹುದು ಅಂತ ಕಾನೂನೇ ಹೇಳುತ್ತದೆ.

ಕಾಗದ ಇಲ್ಲ, ಸ್ಟಾಂಪ್ ಪೇಪರ್ ಇಲ್ಲ ಅನ್ನುವುದು ಇಲ್ಲಿ ದೋಷ ಅಲ್ಲ. ಟೊಮೆಟೊ ಮಾರಲು ಬಾಯಿಮಾತೂ ಸಾಕು. ಮೊಬೈಲ್ ಸಂದೇಶದಲ್ಲಿ ಆದ ಕರಾರು ಬರೀ ಆ ಕಾರಣಕ್ಕೆ ಬಿದ್ದುಹೋಗುವುದಿಲ್ಲ ಅಂತ ಮಾಹಿತಿ ತಂತ್ರಜ್ಞಾನ ಅಧಿನಿಯಮದ ಕಲಂ 10ಎ ಹೇಳುತ್ತದೆ. ಬಾಯಿಮಾತಿನ ಕಷ್ಟ ಏನಿದ್ದರೂ ಸಾಬೀತು ಮಾಡುವುದರಲ್ಲಿ.

ಫೋನಿನಲ್ಲೇ ಮಾತು ಮುಗಿದಿದ್ದರೆ ಇನ್ನೊಂದು ವಿಷಯ. 1966ರ ಭಗವಾನ್‌ದಾಸ್ ಕೇಡಿಯಾ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯ ಮಾತು ಎಲ್ಲಿ ಕೇಳಿಸಿತೋ ಅಲ್ಲಿ ಕರಾರು ಆಯಿತು ಅಂದಿತು. ಅದು ಹತ್ತಿಬೀಜದ ಹಿಂಡಿಯ ವ್ಯಾಪಾರ, ಒಬ್ಬರು ಅಹಮದಾಬಾದ್, ಇನ್ನೊಬ್ಬರು ಖಾಮ್‌ಗಾಂವ್. ಲೈನ್ ಕಟ್ ಆಗಿ "ಆಯ್ತು" ಅನ್ನುವುದು ಆ ಕಡೆ ಕೇಳಿಸದಿದ್ದರೆ ಒಪ್ಪಿಗೆ ತಲುಪಿಲ್ಲ. ಚೆನ್ನೈ ವ್ಯಾಪಾರಿ ಜೊತೆ ವ್ಯವಹಾರ ಕೆಟ್ಟಾಗ ಯಾವ ಊರಿನ ಕೋರ್ಟು ಅನ್ನುವ ಪ್ರಶ್ನೆಯೂ ಇಲ್ಲಿಂದಲೇ ಏಳುತ್ತದೆ.

ಲಕ್ಷಣ 3: ಮಾತು ಕೊಟ್ಟಿದ್ದು ನಿಜ, ಬದಲಿಗೆ ಏನು ಸಿಗುತ್ತದೆ ಅಂತ ಕೇಳಿದರೆ ಉತ್ತರ ಇಲ್ಲ

ಇದು ಪ್ರತಿಫಲದ ದೋಷ. ಕೊಟ್ಟ ಮಾತಿಗೆ ಬದಲಾಗಿ, ಮಾತು ಕೊಟ್ಟವರು ಕೇಳಿಕೊಂಡ ಮೇಲೆ, ಇನ್ನೊಬ್ಬರು ಏನಾದರೂ ಮಾಡಬೇಕು ಅಥವಾ ಮಾಡುತ್ತೇನೆ ಅನ್ನಬೇಕು. ಏನೂ ಇಲ್ಲದ ಬರೀ ಮಾತು ಕಲಂ 25ರ ಪ್ರಕಾರ ಅನೂರ್ಜಿತ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿ. ಅಡ್ವಾನ್ಸ್ ಕೊಟ್ಟಿಲ್ಲ ಅಂದರೆ ಪ್ರತಿಫಲ ಇಲ್ಲ ಅಂತಲ್ಲ. "ಮಾಲು ಕೊಡ್ತೀನಿ" ಅನ್ನುವ ಮಾತಿಗೆ "ದುಡ್ಡು ಕೊಡ್ತೀನಿ" ಅನ್ನುವ ಮಾತೇ ಪ್ರತಿಫಲ. ಆ 20 ಸಾವಿರ ಇಲ್ಲದಿದ್ದರೂ 9.40ರ ಕರಾರು ಕರಾರೇ. ಅಡ್ವಾನ್ಸ್ ಸಾಕ್ಷಿಗೆ ಅನುಕೂಲ, ಅಷ್ಟೇ. ರೇಟು ತೀರ ಕಡಿಮೆ ಆಯಿತು ಅನ್ನುವುದೂ ದೋಷ ಅಲ್ಲ, ಪ್ರತಿಫಲ ಸಮಾನವಾಗಿರಬೇಕು ಅಂತ ಕಾನೂನು ಕೇಳುವುದಿಲ್ಲ. ಆದರೆ ತೀರ ಕಡಿಮೆ ರೇಟು ನೋಡಿ, ಒಪ್ಪಿಗೆಯನ್ನು ಮನಸ್ಸಿದ್ದು ಕೊಟ್ಟಿದ್ದಾ ಅಂತ ಕೋರ್ಟ್ ಅನುಮಾನ ಪಡಬಹುದು.

ನಿಜವಾದ ದೋಷ ಕಾಣುವುದು ಮಧ್ಯದಲ್ಲಿ ಮಾತು ಬದಲಾದಾಗ. ರೇಟು 550 ಆದ ದಿನ ರೈತ ಮುಖ ಸಪ್ಪೆ ಮಾಡಿದ್ದಕ್ಕೆ ವ್ಯಾಪಾರಿ "ಹೋಗ್ಲಿ ಅಣ್ಣಾ, ಉಳಿದಿದ್ದಕ್ಕೆ 500 ಕೊಡ್ತೀನಿ" ಅಂದ ಅಂತಿಟ್ಟುಕೊಳ್ಳಿ. ಆಮೇಲೆ 450 ಮಾತ್ರ ಕೊಟ್ಟ. ಆ ಐವತ್ತು ರೂಪಾಯಿಗೆ ರೈತ ಹೊಸದಾಗಿ ಏನು ಕೊಟ್ಟ? ಮೊದಲೇ ಒಪ್ಪಿದ ಮಾಲನ್ನೇ ಕೊಟ್ಟ. ಹಾಗಾಗಿ ಈ ಹೆಚ್ಚಿನ ಮಾತು ಕುಂಟುತ್ತದೆ. ಸರಿ ಮಾಡುವುದು ಸುಲಭ, ರೈತನೂ ಬದಲಿಗೆ ಏನಾದರೂ ಒಪ್ಪಲಿ, ಗ್ರೇಡಿಂಗ್ ಮಾಡಿಕೊಡಲಿ, ಇನ್ನೂ 50 ಬಾಕ್ಸ್ ಸೇರಿಸಲಿ, ಅದನ್ನು ಒಂದು ಸಂದೇಶದಲ್ಲಿ ಬರೆಯಲಿ. ತಿರುಗಾಮುರುಗಾ ಆದಾಗ ನಿಯಮ ಸಡಿಲ. ತನಗೆ ಬರಬೇಕಾದ್ದನ್ನು "ಉಳಿದ ನೂರು ಬಾಕ್ಸ್ ಬೇಡ ಬಿಡಿ" ಅಂತ ವ್ಯಾಪಾರಿ ತಾನಾಗೇ ಬಿಟ್ಟುಕೊಟ್ಟರೆ, ಕಲಂ 63 ಪ್ರಕಾರ ಅದಕ್ಕೆ ಪ್ರತಿಫಲ ಬೇಕಿಲ್ಲ.

"ಕೇಳಿಕೊಂಡ ಮೇಲೆ" ಅನ್ನುವ ಮಾತು ಎಷ್ಟು ಗಟ್ಟಿ ಅಂತ 1880ರ ದುರ್ಗಾ ಪ್ರಸಾದ್ ವಿರುದ್ಧ ಬಲದೇವ್ ಕೇಸು ತೋರಿಸುತ್ತದೆ, ಅದೂ ಮಾರುಕಟ್ಟೆಯದೇ. ಕಲೆಕ್ಟರ್ ಹೇಳಿದ್ದಕ್ಕೆ ಒಬ್ಬ ಸ್ವಂತ ದುಡ್ಡಿನಲ್ಲಿ ಅಂಗಡಿಗಳನ್ನು ಕಟ್ಟಿಸಿದ. ಅಲ್ಲಿ ಕೂತ ವ್ಯಾಪಾರಿಗಳು ಮಾರಾಟದ ಮೇಲೆ ಕಮಿಷನ್ ಕೊಡುತ್ತೇವೆ ಅಂದರು, ಕೊಡಲಿಲ್ಲ. ಅಲಹಾಬಾದ್ ಹೈಕೋರ್ಟ್ ಕೊಡಿಸಲೂ ಇಲ್ಲ. ಕಟ್ಟಿಸಿದ್ದು ಕಲೆಕ್ಟರ್ ಹೇಳಿದ್ದಕ್ಕೆ, ಆ ವ್ಯಾಪಾರಿಗಳು ಕೇಳಿದ್ದಕ್ಕಲ್ಲ.

ಇಲ್ಲೊಂದು ಎಚ್ಚರಿಕೆ. ಅವಧಿ ಮೀರಿ ಸತ್ತುಹೋದ ಹಳೇ ಬಾಕಿಯನ್ನು ತೀರಿಸುತ್ತೇನೆ ಅಂತ ಬರೆದು ಸಹಿ ಹಾಕಿದರೆ ಅದಕ್ಕೆ ಹೊಸ ಪ್ರತಿಫಲ ಬೇಕಿಲ್ಲ, ಬಾಕಿಗೆ ಮತ್ತೆ ಜೀವ ಬರುತ್ತದೆ. ಮಂಡಿಯಲ್ಲಿ ಲೆಕ್ಕದ ಪುಸ್ತಕ ತೋರಿಸಿ "ಇಲ್ಲೊಂದು ಸಹಿ ಹಾಕಿ ಅಣ್ಣಾ, ಸುಮ್ನೆ" ಅಂದಾಗ ಮೇಲೇನು ಬರೆದಿದೆ ಅಂತ ಓದದೆ ಪೆನ್ನು ಮುಟ್ಟಬೇಡಿ.

ಲಕ್ಷಣ 4: "ರೇಟು ಬದಲಾಯ್ತು, ಆ ಮಾತು ಇನ್ನು ಲೆಕ್ಕಕ್ಕಿಲ್ಲ"

ಮೇಲಿನ ಮೂರು ಸರಿ ಇದ್ದರೆ ಕರಾರು ಹುಟ್ಟಿದೆ. ಅದು ಸತ್ತಿದೆಯಾ ಅನ್ನುವುದು ಮುಂದಿನ ಪ್ರಶ್ನೆ. ರೇಟು ಏರಿದ್ದಕ್ಕೆ, ಬಿದ್ದಿದ್ದಕ್ಕೆ ಸಾಯುವುದಿಲ್ಲ. ನಷ್ಟ ಆಗುತ್ತದೆ ಅನ್ನುವುದು ಅಸಾಧ್ಯ ಅನ್ನುವುದಕ್ಕೆ ಸಮ ಅಲ್ಲ. 1960ರಲ್ಲಿ ಅಲೋಪಿ ಪರ್ಷಾದ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಅದು ಸೈನ್ಯಕ್ಕೆ ತುಪ್ಪ ಒದಗಿಸುವ ಏಜೆಂಟರ ಕರಾರು. ಯುದ್ಧದಿಂದ ಖರ್ಚು ಏರಿತು, ಜಾಸ್ತಿ ಕೊಡಿ ಅಂದರು, ಸಿಗಲಿಲ್ಲ.

ಹಾಗಾದರೆ ಫೋನ್ ಎತ್ತದ ರೈತ ಎಷ್ಟು ಕೊಡಬೇಕಾಗಬಹುದು? ಲೆಕ್ಕ ಹಾಕೋಣ. ಉಳಿದಿದ್ದು 300 ಬಾಕ್ಸ್. ವ್ಯಾಪಾರಿ ಅದನ್ನು ಈಗ ಮಂಡಿಯಲ್ಲಿ 700ಕ್ಕೆ ಕೊಳ್ಳಬೇಕು. ಕರಾರಿನ ರೇಟು 450. ವ್ಯತ್ಯಾಸ 250, ಮುನ್ನೂರಕ್ಕೆ 75,000. ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ ಜನ. ಆದರೆ ತೋಟದಿಂದ ತಂದಿದ್ದರೆ ಗಾಡಿ ಬಾಡಿಗೆ ವ್ಯಾಪಾರಿಯದು, ಮಂಡಿಯಲ್ಲೇ ಕೊಂಡರೆ ಆ ಬಾಡಿಗೆ ಉಳಿಯಿತು. ಬಾಕ್ಸಿಗೆ 20 ರೂಪಾಯಿ ಬಾಡಿಗೆ ಅಂದರೆ 6,000 ಕಳೆಯಬೇಕು, ನಿಜವಾದ ನಷ್ಟ 69,000. ಇದರ ಮೇಲೆ ವಜಾ ಆಗದೆ ಉಳಿದ ಅಡ್ವಾನ್ಸ್ 20,000 ವಾಪಸ್. ಒಟ್ಟು 89,000.

700 ಅನ್ನುವುದು ರೈತ ಮಾತು ಮುರಿದ ದಿನದ ರೇಟು. ವ್ಯಾಪಾರಿ ಹದಿನೈದು ದಿನ ಸುಮ್ಮನಿದ್ದು, ರೇಟು 1,100 ಆದ ಮೇಲೆ ಆ ಲೆಕ್ಕದಲ್ಲಿ ಕೇಳಿದರೆ ನಡೆಯುವುದು ಕಷ್ಟ. ನಷ್ಟ ಕಡಿಮೆ ಮಾಡಿಕೊಳ್ಳಲು ಏನು ಮಾಡಬಹುದಿತ್ತು ಅಂತ ಕಲಂ 73 ಕೇಳುತ್ತದೆ. ಆ ದಿನದ ಹರಾಜು ರೇಟಿನ ಚೀಟಿ ಇಟ್ಟುಕೊಂಡಿರಬೇಕು.

ರೇಟು 150ಕ್ಕೆ ಬಿದ್ದು ವ್ಯಾಪಾರಿಯೇ ಗಾಡಿ ಕಳಿಸದಿದ್ದರೆ ಲೆಕ್ಕ ಉಲ್ಟಾ, ನಿಯಮ ಅದೇ. ರೈತ ಸಿಕ್ಕ ರೇಟಿಗೆ ಮಾಲು ಮಾರಿ ವ್ಯತ್ಯಾಸ ಕೇಳಬೇಕು. ಕೋಪಕ್ಕೆ ಮಾಲನ್ನು ರಸ್ತೆಗೆ ಸುರಿದರೆ ಕೇಳುವ ದುಡ್ಡೂ ಕಮ್ಮಿ ಆಗುತ್ತದೆ.

ಲಕ್ಷಣ 5: ಬೆಳೆಯೇ ಹೋಯ್ತು

ಈಗ ಅದೇ ವ್ಯವಹಾರವನ್ನು ಬೇರೆ ಥರ ನೋಡಿ. 200 ಬಾಕ್ಸ್ ಹೋದ ಮೇಲೆ ಆಲಿಕಲ್ಲು ಮಳೆ ಬಂತು, ಬೋರ್‌ವೆಲ್ ಪಕ್ಕದ ತೋಟ ನೆಲಕಚ್ಚಿತು. ಈಗ 300 ಬಾಕ್ಸ್ ಎಲ್ಲಿಂದ ತರುವುದು?

ಉತ್ತರ ಇರುವುದು ಮಂಗಳವಾರದ ಸಂದೇಶದಲ್ಲಿ: "ಬೋರ್‌ವೆಲ್ ಪಕ್ಕದ ತೋಟದ್ದೇ". ಆ ಒಂದು ಮಾತು ರೈತನನ್ನು ಉಳಿಸುತ್ತದೆ. ಕರಾರು ನಿಂತಿದ್ದೇ ಆ ತೋಟದ ಮೇಲೆ. ಯಾರ ತಪ್ಪೂ ಇಲ್ಲದೆ ಅದು ಹೋದರೆ, ಹೋದ ಹೊತ್ತಿನಿಂದ ಉಳಿದ ಭಾಗ ಕಲಂ 56ರಂತೆ ಅನೂರ್ಜಿತ. ರೈತ ನಷ್ಟಪರಿಹಾರ ಕೊಡಬೇಕಿಲ್ಲ. ಇಂಗ್ಲೆಂಡಿನಲ್ಲಿ 1876ರ ಹೊವೆಲ್ ವಿರುದ್ಧ ಕೂಪ್‌ಲ್ಯಾಂಡ್ ಕೇಸು ಇಂಥದ್ದೇ. ಒಬ್ಬ ರೈತ ತನ್ನ ಗೊತ್ತಾದ ಜಮೀನಿನಲ್ಲಿ ಬೆಳೆದ 200 ಟನ್ ಆಲೂಗಡ್ಡೆ ಕೊಡುತ್ತೇನೆ ಅಂದಿದ್ದ. ರೋಗ ಬಂತು, ಸುಮಾರು 80 ಟನ್ ಮಾತ್ರ ಸಿಕ್ಕಿತು, ಅಷ್ಟು ಕೊಟ್ಟ. ಉಳಿದಿದ್ದಕ್ಕೆ ಅವನು ಹೊಣೆ ಅಲ್ಲ ಅಂತಾಯಿತು.

ಸಂದೇಶದಲ್ಲಿ ಬರೀ "500 ಬಾಕ್ಸ್ ಟೊಮೆಟೊ" ಅಂತ ಇದ್ದಿದ್ದರೆ? ಟೊಮೆಟೊ ವಡ್ಡಹಳ್ಳಿಯಲ್ಲೂ ಸಿಗುತ್ತದೆ, ಚಿಂತಾಮಣಿಯಲ್ಲೂ ಸಿಗುತ್ತದೆ. ಎಲ್ಲಿಂದಾದರೂ ತಂದು ಕೊಡಬೇಕು, ಇಲ್ಲ ವ್ಯತ್ಯಾಸ ಕಟ್ಟಬೇಕು. ಒಂದೇ ಆಲಿಕಲ್ಲು ಮಳೆ, ಒಂದೇ ತೋಟ, ಆ ಮೂರು ಪದ ಇದ್ದರೆ ಒಂದು ಫಲ, ಇಲ್ಲದಿದ್ದರೆ ಇನ್ನೊಂದು. ವ್ಯಾಪಾರಿಗಳಿಗೆ ಇದು ಗೊತ್ತಿರುತ್ತದೆ, ರೈತರು ಗಮನಿಸುವುದು ಕಡಿಮೆ.

ಈ ರಕ್ಷಣೆಗೆ ಮಿತಿ ಇದೆ. ಎಲೆ ಸುರುಳಿ ರೋಗ ಕಂಡರೂ ತೋಟದ ಕಡೆ ತಿರುಗಿ ನೋಡದೆ ಬಿಟ್ಟಿದ್ದರೆ ಅದು ಸ್ವಂತ ಕೈಯಿಂದ ಆದ ನಷ್ಟ, ನೆಪ ನಡೆಯುವುದಿಲ್ಲ. ನೂರು ಬಾಕ್ಸ್ ಉಳಿದಿದ್ದು, ಅದನ್ನು ಗುಟ್ಟಾಗಿ ಬೇರೆಯವರಿಗೆ ಜಾಸ್ತಿ ರೇಟಿಗೆ ಮಾರಿ "ಬೆಳೆ ಹೋಯ್ತು" ಅಂದರೂ ನಡೆಯುವುದಿಲ್ಲ. ಮತ್ತೆ ಕರಾರು ಅನೂರ್ಜಿತ ಆಯಿತು ಅಂದರೆ ಅಡ್ವಾನ್ಸ್ ನನ್ನದೇ ಅಂತಲ್ಲ. ಕಲಂ 65 ಪ್ರಕಾರ ಪಡೆದ ಲಾಭ ವಾಪಸ್ ಕೊಡಬೇಕು, ಅಂದರೆ ಆ 20,000 ವ್ಯಾಪಾರಿಗೆ ಹೋಗುತ್ತದೆ. ನಷ್ಟಪರಿಹಾರ ಇಲ್ಲ, ಅಡ್ವಾನ್ಸ್ ಮಾತ್ರ ವಾಪಸ್.

ಆಲಿಕಲ್ಲು ಬಿದ್ದ ದಿನವೇ ವ್ಯಾಪಾರಿಗೆ ತೋಟದ ಫೋಟೊ ಕಳಿಸಿ. ಆಗಲೇ ಬಂದು ನೋಡಿ ಅಂತ ಹೇಳಿ. ವಾರ ಬಿಟ್ಟು ಹೇಳಿದರೆ ಯಾರೂ ನಂಬುವುದಿಲ್ಲ, ಅಷ್ಟರಲ್ಲಿ ಗಿಡ ಕಿತ್ತಿರುತ್ತೀರಿ ಬೇರೆ.

ಲಕ್ಷಣ 6: ಎಲ್ಲ ಸರಿ ಇದ್ದಂತಿದೆ, ಆದರೂ ಹುಟ್ಟುವಾಗಲೇ ಸತ್ತಿತ್ತಾ ಅಂತ ಅನುಮಾನ

ಇದು ಅಪರೂಪ. ಆದರೂ ನೋಡಬೇಕು.

ಕರಾರು ಮಾಡಿದವರಿಗೆ ವಯಸ್ಸು 18 ತುಂಬಿರಲಿಲ್ಲವಾ? ಅಪ್ರಾಪ್ತರು ತಮ್ಮ ಹೆಸರಲ್ಲಿ ಮಾಡಿದ ಕರಾರು ಅನೂರ್ಜಿತ, 1903ರ ಮೊಹೊರಿ ಬೀಬಿ ಕೇಸಿನಿಂದ ಇದು ಗಟ್ಟಿಯಾಗಿ ನಿಂತಿದೆ. ಆದರೆ ಇಲ್ಲೊಂದು ತಿರುವು. ಅಪ್ಪ ಹೇಳಿದಂತೆ ಹದಿನೇಳರ ಮಗ ಅಪ್ಪನ ಫೋನಿನಲ್ಲಿ ಟೈಪ್ ಮಾಡಿದ್ದರೆ ಕರಾರು ಅಪ್ಪನದು. ಅಪ್ರಾಪ್ತನ ಮೂಲಕವೂ ದೊಡ್ಡವರು ವ್ಯವಹಾರ ಮಾಡಬಹುದು. "ಮೆಸೇಜ್ ಹಾಕಿದ್ದು ನನ್ನ ಮಗ" ಅನ್ನುವ ನೆಪ ಇಲ್ಲಿ ಕೈಕೊಡುತ್ತದೆ.

ಇಬ್ಬರಿಗೂ ಗೊತ್ತಿಲ್ಲದ ಸತ್ಯ ಇತ್ತಾ? ಬುಧವಾರ 9.40ಕ್ಕೆ ಇಬ್ಬರೂ ಒಪ್ಪಿದರು, ಆದರೆ ಬೆಳಗಿನ ಜಾವವೇ ಆಲಿಕಲ್ಲು ಬಿದ್ದು ತೋಟ ಹೋಗಿತ್ತು, ಇಬ್ಬರಿಗೂ ಸುದ್ದಿ ಇರಲಿಲ್ಲ. ಆಗ ಕರಾರು ಮೊದಲಿಂದಲೇ ಅನೂರ್ಜಿತ. ಒಬ್ಬರಿಗೆ ಮಾತ್ರ ತಪ್ಪು ತಿಳಿವಳಿಕೆ ಇದ್ದರೆ, ಅಂದರೆ ರೇಟು ಬೀಳುತ್ತದೆ ಅಂದುಕೊಂಡಿದ್ದೆ, ಏರಿತು ಅಂದರೆ, ಅದು ಅವರ ಹಣೆಬರಹ.

ಮಾತೇ ಅಸ್ಪಷ್ಟವಾ? "ಒಂದಷ್ಟು ಮಾಲು ಕಳಿಸ್ತೀನಿ, ನೋಡಿ ಕೊಡಿ" ಅಂದರೆ ಎಷ್ಟು ಅಂತ ಯಾರೂ ಹೇಳಲಾರರು, ಕಲಂ 29ರಂತೆ ಅದು ನಿಲ್ಲುವುದಿಲ್ಲ. "300 ಬಾಕ್ಸ್, ಆ ದಿನದ ಮಂಡಿ ರೇಟು" ಅಂದರೆ ಮಾತ್ರ ಪರವಾಗಿಲ್ಲ. ರೇಟನ್ನು ಮೊದಲೇ ಗೊತ್ತು ಮಾಡದಿದ್ದರೂ, ಗೊತ್ತು ಮಾಡುವ ದಾರಿ ಇದ್ದರೆ ಸಾಕು. ಮಾಲೇ ಬೇಡದೆ, ಬರೀ "ಮುಂದಿನ ಸೋಮವಾರ 600 ದಾಟುತ್ತಾ ಇಲ್ವಾ" ಅಂತ ದುಡ್ಡು ಕಟ್ಟಿದ್ದರೆ ಅದು ಬಾಜಿ. ಗೆದ್ದರೂ ಕೋರ್ಟ್ ಕೊಡಿಸುವುದಿಲ್ಲ.

ಹೆದರಿಸಿ ಒಪ್ಪಿಸಿದ್ದು, ಮೋಸ ಮಾಡಿ ಒಪ್ಪಿಸಿದ್ದು ಇವು ಬೇರೆ ಸಾಲು. ಅವು ತಾನಾಗೇ ಸಾಯುವುದಿಲ್ಲ. ಮೋಸ ಹೋದವರು ಬೇಡ ಅಂದರೆ ಸಾಯುತ್ತವೆ, ಅದಕ್ಕೆ ಅವರೇ ಬಾಯಿ ಬಿಡಬೇಕು. ಮೋಸ ಗೊತ್ತಾದ ಮೇಲೂ ಇನ್ನೆರಡು ಲೋಡಿನ ದುಡ್ಡು ತೆಗೆದುಕೊಂಡರೆ ಒಪ್ಪಿಕೊಂಡ ಹಾಗೇ ಆಗುತ್ತದೆ. ಅನುಮಾನ ಬಂದ ದಿನವೇ ಬರೆದು ತಿಳಿಸಿ.

ಇಲ್ಲಿ ಕೈಬಿಟ್ಟು ವಕೀಲರ ಹತ್ತಿರ ಹೋಗಿ

ಒಂದು, ಕರಾರು ಹುಟ್ಟಿದ ನಿಮಿಷ ಯಾವುದು ಅಂತ ಎರಡು ಸಲ ಓದಿದರೂ ನಿಮಗೇ ಗೊತ್ತಾಗದಿದ್ದರೆ. ಇನ್ನೊಂದು, ಆ ಕಡೆಯಿಂದ ನೋಟಿಸ್ ಬಂದಿದ್ದರೆ. ನೋಟಿಸಿಗೆ ವಾಟ್ಸಾಪ್‌ನಲ್ಲಿ ಬೈದು ಉತ್ತರ ಕಳಿಸಬೇಡಿ, ಅದೇ ಅವರಿಗೆ ಸಾಕ್ಷಿ ಆಗುತ್ತದೆ. ಸಹಿ ಹಾಕಿದ ಖಾಲಿ ಚೆಕ್ಕು ಆ ಕಡೆಯವರ ಕೈಲಿದ್ದರೆ ಒಂದು ದಿನವೂ ಕಾಯಬೇಡಿ. ಅದರ ಕಾನೂನು ಬೇರೆ, ಗಡುವುಗಳು ಚಿಕ್ಕವು.

ಏನೇ ಕೋಪ ಇರಲಿ, ಆ ಕಡೆಯವರ ಗಾಡಿ ತಡೆಯುವುದು, ಕೀ ಕಿತ್ತುಕೊಳ್ಳುವುದು, ಕ್ರೇಟ್ ಹಿಡಿದಿಟ್ಟುಕೊಳ್ಳುವುದು ಮಾಡಬೇಡಿ. ಸಿವಿಲ್ ಬಾಕಿ ಕೇಳಬೇಕಾದ ನೀವು ಪೊಲೀಸ್ ಠಾಣೆಯಲ್ಲಿ ಉತ್ತರ ಕೊಡಬೇಕಾಗುತ್ತದೆ.

ಚಾಟ್ ಅಳಿಸಬೇಡಿ. ತಾನಾಗೇ ಅಳಿಸಿಹೋಗುವ ಸೆಟ್ಟಿಂಗ್ ಇದ್ದರೆ ಈಗಲೇ ಆಫ್ ಮಾಡಿ. ಫೋನ್ ಬದಲಾಯಿಸುವುದನ್ನೂ ಮುಂದಕ್ಕೆ ಹಾಕಿ. ಈ ಸಂದೇಶಗಳ ಪ್ರತಿಯನ್ನು ಕೋರ್ಟಿಗೆ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆದುಕೊಂಡು ಹೋದರೆ ಆಗುವುದಿಲ್ಲ. ಪ್ರಮಾಣಪತ್ರವನ್ನು ವಕೀಲರು ತಯಾರು ಮಾಡಿಸುತ್ತಾರೆ, ನೀವು ಮೂಲ ಫೋನ್ ಉಳಿಸಿಕೊಂಡಿದ್ದರೆ ಸಾಕು.

ಮಾತು ಮುರಿದ ದಿನದಿಂದ ನಷ್ಟಪರಿಹಾರ ಕೇಳಲು ಸಾಮಾನ್ಯವಾಗಿ ಮೂರು ವರ್ಷ ಸಮಯ. 89,000ಕ್ಕೆ ವರ್ಷಗಟ್ಟಲೆ ಕೋರ್ಟು ಅಲೆಯುವುದು ಬೇಡ ಅನಿಸಿದರೆ ಕೋಲಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಅದು ಎಲ್ಲಿದೆ ಅಂತ ಕೋರ್ಟ್ ಆವರಣದಲ್ಲೇ ವಿಚಾರಿಸಿದರೆ ಗೊತ್ತಾಗುತ್ತದೆ. ಕೇಸು ಹಾಕುವ ಮೊದಲೇ ಲೋಕ ಅದಾಲತ್ತಿನಲ್ಲಿ ಇಬ್ಬರನ್ನೂ ಕೂರಿಸುವ ವ್ಯವಸ್ಥೆ ಇದೆ, ಅಲ್ಲಿ ಒಪ್ಪಿ ಆದ ತೀರ್ಮಾನಕ್ಕೆ ಕೋರ್ಟ್ ಡಿಕ್ರಿಯಷ್ಟೇ ಬೆಲೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಆದಾಯ ಕಡಿಮೆ ಇರುವವರಿಗೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಫೋನ್ ಮಾಡಿ ಕೇಳುವುದಾದರೆ 15100. ಹೋಗುವಾಗ ಚಾಟ್ ಇರುವ ಫೋನ್, ದುಡ್ಡು ಹಾಕಿದ ಬ್ಯಾಂಕ್ ವಿವರ, ಕಳಿಸಿದ 200 ಬಾಕ್ಸಿನ ಚೀಟಿ, ಮಾತು ಮುರಿದ ದಿನದ ಹರಾಜು ರೇಟಿನ ಚೀಟಿ, ಇಷ್ಟನ್ನು ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ.